"ಹೋಗ್ಬನ್ನಿ" ಅಂದ ಮೇಲೆ ಒಂದು ಮೇಲ್

2019ರ ಫೆಬ್ರವರಿ ಕೊನೆಯ ದಿನ ಸಂಬಳದ ಮೆಸೇಜ್ ಬಂತು. ಬರಬೇಕಾದದ್ದಕ್ಕಿಂತ ಹನ್ನೆರಡು ಸಾವಿರ ರೂಪಾಯಿ ಕಡಿಮೆ ಇತ್ತು. ಬ್ಯಾಂಕಿನವರದ್ದೇ ಏನೋ ತಪ್ಪು ಅಂದುಕೊಂಡೆ. ಪೇ ಸ್ಲಿಪ್ ತೆರೆದು ನೋಡಿದರೆ "ಲಾಸ್ ಆಫ್ ಪೇ: 8 ದಿನ" ಎಂದಿತ್ತು. ನಾನು ರಜೆ ಹಾಕಿದ್ದು ಆರು ದಿನ. ಅದನ್ನೂ ಕೇಳಿಯೇ ಹೋಗಿದ್ದೆ.

ಅಮ್ಮನಿಗೆ ದಾವಣಗೆರೆಯಲ್ಲಿ ಮೊಣಕಾಲಿನ ಆಪರೇಷನ್ ಇತ್ತು. ಫೆಬ್ರವರಿ 14, ಗುರುವಾರ ಅಡ್ಮಿಟ್ ಆಗಬೇಕು ಅಂತ ಡಾಕ್ಟರ್ ಹೇಳಿದ್ದರು. ಅಪ್ಪನಿಗೆ ವಯಸ್ಸಾಗಿದೆ, ರಾತ್ರಿ ಆಸ್ಪತ್ರೆಯಲ್ಲಿ ಕೂರಲು ಆಗುವುದಿಲ್ಲ. 21ರ ಗುರುವಾರದವರೆಗೆ ಅಲ್ಲಿದ್ದು, 22ಕ್ಕೆ ಬೆಂಗಳೂರಿನ ಆಫೀಸಿಗೆ ಬರುವುದು ಅಂತ ಲೆಕ್ಕ ಹಾಕಿದೆ. ನಡುವೆ ಒಂದು ಶನಿವಾರ, ಒಂದು ಭಾನುವಾರ. ಅವನ್ನು ಬಿಟ್ಟರೆ ಕೆಲಸದ ದಿನಗಳು ಆರು.

ನನ್ನ ಖಾತೆಯಲ್ಲಿ ಇದ್ದ ಗಳಿಕೆ ರಜೆ ಮೂರೇ. ಆದರೆ ಜನವರಿಯಲ್ಲಿ ಒಂದು ರಿಲೀಸ್ ಇತ್ತು. 5, 12, 19, ಹೀಗೆ ಮೂರು ಶನಿವಾರ ಆಫೀಸಿಗೆ ಬಂದು ಕೆಲಸ ಮಾಡಿದ್ದೆ. ಅದಕ್ಕೆ ಬದಲಿ ರಜೆಯಾಗಿ ಮೂರು ಕಾಂಪ್ ಆಫ್ ಬರಬೇಕಿತ್ತು. ಮೂರೂ ಮೂರೂ ಆರು, ಸರಿ ಹೋಯಿತು ಅಲ್ವಾ? ಫೆಬ್ರವರಿ 5ರ ಮಂಗಳವಾರ ಪ್ಯಾಂಟ್ರಿಯಲ್ಲಿ ಕಾಫಿ ಹಿಡಿದು ನಿಂತಿದ್ದಾಗ ಮ್ಯಾನೇಜರ್ ಸಿಕ್ಕರು. ವಿಷಯ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡರು. "ಅಮ್ಮನ ಆಪರೇಷನ್ ಅಂದ್ರೆ ಏನ್ ಕೇಳೋದು, ಹೋಗ್ಬನ್ನಿ. ಕಾಂಪ್ ಆಫ್ ನಾನು ಸೇರಿಸ್ತೀನಿ" ಅಂದರು. ಒಳ್ಳೆಯ ಮನುಷ್ಯ. ಆ ಮಾತನ್ನು ಮನಸಾರೆ ಹೇಳಿದ್ದರು ಅನ್ನುವುದರಲ್ಲಿ ನನಗೆ ಇವತ್ತಿಗೂ ಸಂಶಯ ಇಲ್ಲ.

ಅವತ್ತೇ ಸಂಜೆ ಪೋರ್ಟಲ್‌ನಲ್ಲಿ ಆರು ದಿನದ ರಜೆ ಹಾಕಲು ನೋಡಿದೆ. ಬ್ಯಾಲೆನ್ಸ್ ಸಾಲದು ಅಂತ ಕೆಂಪಕ್ಷರದಲ್ಲಿ ತೋರಿಸಿತು. ಅವರು ಕಾಂಪ್ ಆಫ್ ಸೇರಿಸಿದ ಮೇಲೆ ಒಟ್ಟಿಗೇ ಹಾಕಿದರಾಯಿತು ಅಂತ ಬಿಟ್ಟೆ. ತಪ್ಪು ಶುರುವಾಗಿದ್ದು ಅಲ್ಲಿಂದ. ಆಮೇಲೆ ಆಪರೇಷನ್ನಿನ ಗಡಿಬಿಡಿ, ರಕ್ತ ಪರೀಕ್ಷೆ, ಇನ್ಶೂರೆನ್ಸ್ ಕಾಗದ. ಪೋರ್ಟಲ್ ಪೂರ್ತಿ ಮರೆತೇ ಹೋಯಿತು.

ನಾನು ಊರಿನಲ್ಲಿದ್ದಾಗಲೇ ಆ ಮ್ಯಾನೇಜರ್ ವಿದೇಶದ ಪ್ರಾಜೆಕ್ಟಿಗೆ ಹೊರಟುಹೋದರು. ಅದೂ ಅವಸರದ ಪ್ರಯಾಣ. ನಮ್ಮ ಟೀಮಿಗೆ ಬೇರೆಯವರು ಬಂದರು. ಹೊಸಬರಿಗೆ ಕೆಲಸದ ಪಟ್ಟಿ ಸಿಕ್ಕಿತ್ತು, ಕೋಡ್ ಸಿಕ್ಕಿತ್ತು, ಕ್ಲೈಂಟಿನ ಪರಿಚಯ ಆಗಿತ್ತು. ಪ್ಯಾಂಟ್ರಿಯಲ್ಲಿ ಕಾಫಿ ಕುಡಿಯುತ್ತಾ ಆಡಿದ ಮಾತು ಮಾತ್ರ ಸಿಗಲಿಲ್ಲ. ಅದು ಸಿಗುವುದಾದರೂ ಹೇಗೆ?

ಆ ಕಂಪನಿಯಲ್ಲಿ ಪ್ರತಿ ತಿಂಗಳು 25ಕ್ಕೆ ಹಾಜರಿ ಲೆಕ್ಕ ಮುಚ್ಚುತ್ತಿದ್ದರು. ಸಂಬಳ ಮಾಡುವವರು ಗೇಟಿನ ಸ್ವೈಪ್ ಮತ್ತು ಪೋರ್ಟಲ್‌ನ ರಜೆ ಎರಡನ್ನೂ ಎದುರುಬದುರು ಇಟ್ಟು ನೋಡುತ್ತಾರೆ. ಸ್ವೈಪ್ ಇಲ್ಲ, ರಜೆಯೂ ಇಲ್ಲ ಅಂದರೆ ಅದು ಗೈರುಹಾಜರಿ. ಜೊತೆಗೆ ಅಲ್ಲಿ ಸ್ಯಾಂಡ್‌ವಿಚ್ ನಿಯಮ ಇತ್ತು. ಶುಕ್ರವಾರವೂ ಸೋಮವಾರವೂ ಗೈರುಹಾಜರಾದರೆ ನಡುವಿನ ಶನಿವಾರ, ಭಾನುವಾರವನ್ನೂ ಗೈರಿಗೆ ಸೇರಿಸುತ್ತಾರೆ. ಈ ನಿಯಮ ಎಲ್ಲ ಕಡೆಯೂ ಇರುವುದಿಲ್ಲ, ಇರುವ ಕಡೆಯೂ ಒಂದೇ ಥರ ಇರುವುದಿಲ್ಲ. ನಿಮ್ಮ ಕಂಪನಿಯ ರಜೆ ನಿಯಮದಲ್ಲಿ ಆ ಒಂದು ಸಾಲನ್ನು ಈಗಲೇ ಓದಿಕೊಳ್ಳಿ. ನನ್ನ ಆರು ದಿನ ಎಂಟಾಗಿದ್ದು ಹೀಗೆ.

ನನ್ನ ಸಂಬಳ ಆಗ 42,000. ಪಿಎಫ್, ತೆರಿಗೆ ಪಕ್ಕಕ್ಕಿಡೋಣ. ಅಲ್ಲಿ ತಿಂಗಳ ಸಂಬಳವನ್ನು ತಿಂಗಳ ದಿನಗಳಿಂದ ಭಾಗಿಸುತ್ತಿದ್ದರು. ಫೆಬ್ರವರಿಗೆ 28 ದಿನ, ಹಾಗಾಗಿ ದಿನಕ್ಕೆ 1,500. ಎಂಟು ದಿನಕ್ಕೆ 12,000. ಆಸ್ಪತ್ರೆಯ ಬಿಲ್ ಕಟ್ಟಿ ಕೈ ಖಾಲಿಯಾಗಿದ್ದ ತಿಂಗಳು ಅದು.

ಎಚ್‌ಆರ್ ಹುಡುಗಿ ಸಮಾಧಾನದಿಂದಲೇ ಮಾತಾಡಿದಳು. "ಅಪ್ರೂವ್ ಆಗಿದ್ದಕ್ಕೆ ಮೇಲ್ ಇದ್ರೆ ಫಾರ್ವರ್ಡ್ ಮಾಡಿ, ಇವತ್ತೇ ಸರಿ ಮಾಡ್ತೀನಿ" ಅಂದಳು. ನನ್ನ ಹತ್ತಿರ ಏನೂ ಇರಲಿಲ್ಲ. ಹಳೆಯ ಮ್ಯಾನೇಜರಿಗೆ ಬರೆದೆ. ಎರಡು ವಾರದ ಮೇಲೆ ಉತ್ತರ ಬಂತು. ರಜೆಯ ಬಗ್ಗೆ ಮಾತಾಡಿದ ನೆನಪಿದೆ, ಎಷ್ಟು ದಿನ ಅಂತ ನೆನಪಿಲ್ಲ, ಕಾಂಪ್ ಆಫ್ ವಿಷಯ ಖಚಿತವಿಲ್ಲ ಎಂದಿದ್ದರು. ನನಗೆ ಆಗ ಬಹಳ ಬೇಜಾರಾಯಿತು. ಈಗ ಯೋಚಿಸಿದರೆ, ಅವರು ಸುಳ್ಳು ಹೇಳಲಿಲ್ಲ. ಹನ್ನೆರಡು ಜನರ ಟೀಮ್. ದಿನಕ್ಕೆ ಹತ್ತಾರು ಸಲ "ಆಯ್ತು" ಅನ್ನುವ ಕೆಲಸ ಅವರದು. ನನಗೆ ಆ ಒಂದು ಮಾತು ಅಮ್ಮನ ಕಾಲಿನ ವಿಷಯ. ಅವರಿಗೆ ಅದು ಆ ದಿನದ ಹತ್ತಾರು ಮಾತುಗಳಲ್ಲಿ ಒಂದು.

ಕೊನೆಗೆ ಹೊಸ ಮ್ಯಾನೇಜರ್ ಸಹಿ ಹಾಕಿದ್ದರಿಂದ ಮೂರು ಗಳಿಕೆ ರಜೆಯನ್ನು 14, 15 ಮತ್ತು 18ನೇ ತಾರೀಕಿಗೆ ಹಾಕಿದರು. ವಾರಾಂತ್ಯದ ಎರಡೂ ಕಡೆ ಈಗ ಮಂಜೂರಾದ ರಜೆ ಇತ್ತು. ಹಾಗಾಗಿ ಶನಿವಾರ, ಭಾನುವಾರವೂ ಬಿಡುಗಡೆಯಾದವು. ಐದು ದಿನದ 7,500 ರೂಪಾಯಿ ಏಪ್ರಿಲ್ ಸಂಬಳದಲ್ಲಿ ಬಂತು. ಉಳಿದ ಮೂರು ದಿನದ 4,500 ಹೋಯಿತು. ನಾನು ಶನಿವಾರ ಬಂದಿದ್ದು ಗೇಟಿನ ಸ್ವೈಪ್‌ನಲ್ಲೇ ಇದೆಯಲ್ಲ ಅಂತ ಕೇಳಿದೆ. "ಬಂದದ್ದು ಕಾಣುತ್ತೆ. ಕೆಲಸಕ್ಕೆ ಅಂತ ಕರೆಸಿದ್ದು ಯಾರು ಅನ್ನೋದು ಕಾಣಲ್ಲ" ಅಂದರು. ಅಲ್ಲದೆ ಕಾಂಪ್ ಆಫ್ ಅನ್ನು ಅರವತ್ತು ದಿನದೊಳಗೆ ಬಳಸಬೇಕು. ಇದೆಲ್ಲ ಮುಗಿಯುವ ಹೊತ್ತಿಗೆ ಜನವರಿಯ ಮೂರೂ ಶನಿವಾರಗಳ ಗಡುವು ದಾಟಿತ್ತು.

ಫೋನಿನಲ್ಲಿ ಅಪ್ಪನಿಗೆ ಇದನ್ನು ಹೇಳಿದಾಗ ಅವರು ಕೇಳಿದ್ದು ಒಂದೇ ಮಾತು: "ಚೀಟಿ ತಗೊಂಡಿರ್ಲಿಲ್ವಾ?"

ಅಪ್ಪ ಹರಿಹರದ ಕಾರ್ಖಾನೆಯೊಂದರಲ್ಲಿ ಕೆಲಸ ಮಾಡಿದವರು. ಅವರ ಕಾಲದಲ್ಲಿ ರಜೆ ಕೊಟ್ಟರೆ ಲೀವ್ ಪಾಸ್ ಅಂತ ಒಂದು ಚೀಟಿ ಕೊಡುತ್ತಿದ್ದರು. ಅದು ಕಾರ್ಖಾನೆಯವರು ಪ್ರೀತಿಯಿಂದ ಕೊಟ್ಟದ್ದೇನಲ್ಲ. 1946ರ ಸ್ಟ್ಯಾಂಡಿಂಗ್ ಆರ್ಡರ್ಸ್ ಕಾಯ್ದೆಯ ಕೆಳಗೆ ಬಂದ ಮಾದರಿ ನಿಯಮಗಳಲ್ಲೇ ಅದು ಇತ್ತು. ಕಾರ್ಮಿಕ ರಜೆಗೆ ಅರ್ಜಿ ಹಾಕಿದರೆ ಒಂದು ವಾರದೊಳಗೆ, ಅಥವಾ ರಜೆ ಶುರುವಾಗಲು ಎರಡು ದಿನ ಮುಂಚೆ, ಯಾವುದು ಮೊದಲೋ ಅಷ್ಟರೊಳಗೆ ಉತ್ತರ ಕೊಡಬೇಕಿತ್ತು. ಮೂರು ದಿನದೊಳಗೆ ಶುರುವಾಗುವ ರಜೆಯಾದರೆ ಅದೇ ದಿನ ಹೇಳಬೇಕಿತ್ತು. ಕೊಟ್ಟರೆ ಲೀವ್ ಪಾಸ್. ಕೊಡದಿದ್ದರೆ ಕಾರಣವನ್ನು ಒಂದು ರಿಜಿಸ್ಟರ್‌ನಲ್ಲಿ ಬರೆಯಬೇಕಿತ್ತು. ಕಾರ್ಮಿಕ ಕೇಳಿದರೆ ಅದರ ನಕಲನ್ನೂ ಕೊಡಬೇಕಿತ್ತು.

ಇದನ್ನು ಓದಿದಾಗ ನನಗೆ ಬಹಳ ಆಶ್ಚರ್ಯವಾಯಿತು. ಮಾತಿನ ಮೇಲೆ ರಜೆ ಬಿಟ್ಟರೆ ಏನಾಗುತ್ತದೆ ಅನ್ನುವುದು ಅಷ್ಟು ಹಿಂದೆಯೇ ಗೊತ್ತಿತ್ತು ಅಂತ ಆಯಿತು. ಅದಕ್ಕೆ ಕಾರಣವೂ ಇತ್ತು. ಅದೇ ನಿಯಮಗಳ ಪ್ರಕಾರ ರಜೆಯಿಲ್ಲದೆ ಹತ್ತು ದಿನಕ್ಕಿಂತ ಜಾಸ್ತಿ ಬರದಿದ್ದರೆ ಅದು ದುರ್ನಡತೆಯಾಗಿತ್ತು. ಚೀಟಿ ಇದ್ದವನು ರಜೆಯಲ್ಲಿ ಇದ್ದಾನೆ, ಇಲ್ಲದವನು ಹೇಳದೆ ಹೋಗಿದ್ದಾನೆ. ಇಬ್ಬರೂ ಮನೆಯಲ್ಲೇ ಇರುತ್ತಾರೆ, ವ್ಯತ್ಯಾಸ ಇರುವುದು ಆ ಚೀಟಿಯಲ್ಲಿ. ಕರ್ನಾಟಕದಲ್ಲಿ ಐಟಿ ಕಂಪನಿಗಳಿಗೆ ಸರ್ಕಾರ ಆ ಕಾಯ್ದೆಯಿಂದ ವರ್ಷಗಟ್ಟಲೆ ವಿನಾಯಿತಿ ಕೊಟ್ಟಿತ್ತು. ಹಾಗಾಗಿ ನನ್ನಂಥವರ ಕೈಗೆ ಲೀವ್ ಪಾಸ್ ಬರಲೇ ಇಲ್ಲ. ಪೋರ್ಟಲ್ ಬಂತು. ಪೋರ್ಟಲ್ ಒಪ್ಪದ ರಜೆಗೆ ಮಾತೇ ಗತಿ.

ಆ ವರ್ಷದಿಂದ ನಾನು ನನ್ನ ಚೀಟಿಯನ್ನು ನಾನೇ ಬರೆದುಕೊಳ್ಳುತ್ತಿದ್ದೇನೆ. ಮ್ಯಾನೇಜರ್ ಬಾಯಲ್ಲಿ ಹೂಂ ಅಂದ ದಿನವೇ, ಸಾಧ್ಯವಾದರೆ ಸೀಟಿಗೆ ಬಂದ ಕೂಡಲೇ ಒಂದು ಮೇಲ್ ಕಳಿಸುತ್ತೇನೆ. ಫೆಬ್ರವರಿ 5ರಂದು ಹೇಗೆ ಬರೆಯಬೇಕಿತ್ತು ಅಂತ ಆಮೇಲೆ ಕೂತು ಬರೆದು ನೋಡಿದೆ. ಆಫೀಸಿನಲ್ಲಿ ಇದು ಇಂಗ್ಲಿಷಿನಲ್ಲಿ ಹೋಗುತ್ತದೆ, ಇಲ್ಲಿ ಕನ್ನಡದಲ್ಲೇ ಕೊಡುತ್ತೇನೆ.

"ವಿಷಯ: ರಜೆ, ಫೆಬ್ರವರಿ 14 ಗುರುವಾರದಿಂದ 21 ಗುರುವಾರದವರೆಗೆ

ಸರ್, ಇವತ್ತು ಬೆಳಿಗ್ಗೆ ಮಾತಾಡಿದಾಗ ರಜೆಗೆ ಒಪ್ಪಿದ್ದಕ್ಕೆ ಥ್ಯಾಂಕ್ಸ್. ಅಮ್ಮನ ಆಪರೇಷನ್ನಿಗಾಗಿ ಫೆಬ್ರವರಿ 14, 15, 18, 19, 20, 21, ಒಟ್ಟು ಆರು ಕೆಲಸದ ದಿನ ಇರುವುದಿಲ್ಲ. 22ರ ಶುಕ್ರವಾರ ಆಫೀಸಿಗೆ ಬರುತ್ತೇನೆ. ಇದರಲ್ಲಿ ಮೂರು ಗಳಿಕೆ ರಜೆ. ಉಳಿದ ಮೂರು, ಜನವರಿ 5, 12, 19ರ ಶನಿವಾರಗಳಂದು ರಿಲೀಸಿಗೆ ಬಂದಿದ್ದಕ್ಕೆ ಕಾಂಪ್ ಆಫ್. ಕಾಂಪ್ ಆಫ್ ಅನ್ನು ಪೋರ್ಟಲ್‌ಗೆ ನೀವೇ ಸೇರಿಸಬೇಕಿದೆ, ಅದು ಆದ ಕೂಡಲೇ ನಾನು ಅರ್ಜಿ ಹಾಕುತ್ತೇನೆ. ಶುಕ್ರವಾರದೊಳಗೆ ಸೇರಿಸಲು ಆಗುತ್ತದೆಯೇ? ನಾನಿಲ್ಲದಾಗ ರಿಪೋರ್ಟ್ ಕೆಲಸವನ್ನು ಪಕ್ಕದ ಸೀಟಿನವರು ನೋಡಿಕೊಳ್ಳುತ್ತಾರೆ, ಅವರನ್ನೂ ಈ ಮೇಲ್‌ಗೆ ಸೇರಿಸಿದ್ದೇನೆ. ಇದರಲ್ಲಿ ಏನಾದರೂ ತಪ್ಪಿದ್ದರೆ ತಿಳಿಸಿ."

ಇಷ್ಟೇ. ಬರೆಯಲು ಐದು ನಿಮಿಷ ಸಾಕು. ಆದರೆ ಒಂದೊಂದು ಸಾಲೂ ಒಂದೊಂದು ಏಟು ತಿಂದು ಬಂದದ್ದು.

ತಾರೀಕಿನ ಜೊತೆ ವಾರ ಬರೆಯುತ್ತೇನೆ. ತಾರೀಕು ತಪ್ಪಾಗಿ ಟೈಪ್ ಮಾಡಿದರೆ ವಾರ ಹೊಂದುವುದಿಲ್ಲ, ತಪ್ಪು ಅಲ್ಲೇ ಕಾಣುತ್ತದೆ. "21ರವರೆಗೆ" ಅಂದರೆ 21ಕ್ಕೆ ಬರುತ್ತೀನೋ, 22ಕ್ಕೋ ಅನ್ನುವ ಅನುಮಾನ ಉಳಿಯುತ್ತದೆ. ಅದಕ್ಕೇ ವಾಪಸ್ ಬರುವ ದಿನವನ್ನು ಬೇರೆಯಾಗಿ ಹೇಳುತ್ತೇನೆ. ರಜೆಯ ಬಗೆಯನ್ನು ಬಿಡಿಸಿ ಬರೆಯುವುದು ಸಂಬಳ ಮಾಡುವವರಿಗೋಸ್ಕರ. ಮ್ಯಾನೇಜರ್ ಒಪ್ಪುವುದು ನೀವು ಬರದಿರುವುದಕ್ಕೆ. ಆ ದಿನಗಳ ದುಡ್ಡು ಯಾವ ಖಾತೆಯಿಂದ ಅನ್ನುವುದು ಬೇರೆಯೇ ಪ್ರಶ್ನೆ. ಬಾಯಿಮಾತಿನಲ್ಲಿ ಎರಡೂ ಕಲಸಿಹೋಗುತ್ತವೆ. ನನ್ನ ವಿಷಯದಲ್ಲಿ ಆಗಿದ್ದೂ ಅದೇ. ಅವರಿಗೆ ರಜೆ ಕೊಟ್ಟದ್ದು ಮಾತ್ರ ನೆನಪಿತ್ತು. ಕಾಂಪ್ ಆಫ್ ನೆನಪಿರಲಿಲ್ಲ.

ಇನ್ನು "ಶುಕ್ರವಾರದೊಳಗೆ ಸೇರಿಸಲು ಆಗುತ್ತದೆಯೇ?" ಅನ್ನುವ ಪ್ರಶ್ನೆ. ಇಡೀ ಮೇಲ್‌ನಲ್ಲಿ ನನಗೆ ಅತಿ ಮುಖ್ಯ ಅನ್ನಿಸುವ ಸಾಲು ಇದು. ನಾನು ಕಳಿಸಿದ ಮೇಲ್ ಹೇಳುವುದು, ಅವರು ಒಪ್ಪಿದರು ಅಂತ ನಾನು ಹೇಳಿದೆ ಎಂದಷ್ಟೇ. ಅವರು ಒಪ್ಪಿದರು ಅಂತ ತೋರಿಸುವುದು ಅವರ ಉತ್ತರ. ಬರೀ ಮಾಹಿತಿ ಕೊಟ್ಟರೆ ಯಾರೂ ಉತ್ತರ ಬರೆಯುವುದಿಲ್ಲ, ಓದಿ ಮುಂದೆ ಹೋಗುತ್ತಾರೆ. ಒಂದು ಪದದಲ್ಲಿ ಉತ್ತರಿಸಬಹುದಾದ ಪ್ರಶ್ನೆ ಇದ್ದರೆ ಉತ್ತರ ಬರುತ್ತದೆ. "ಸರಿ, ಮಾಡ್ತೀನಿ" ಅಂತ ಬಂದರೆ ಮೇಲಿನ ಸಾಲುಗಳಿಗೆಲ್ಲ ಅವರ ಸಹಿ ಬಿದ್ದಂತೆ.

ಉತ್ತರ ಬರದಿದ್ದರೆ ಎರಡು ದಿನ ಕಾಯುತ್ತೇನೆ. ಆಮೇಲೆ ಅವರ ಸೀಟಿನ ಹತ್ತಿರ ಹೋಗಿ "ರಜೆ ಮೇಲ್ ನೋಡಿದ್ರಾ ಸರ್?" ಅಂತ ಕೇಳುತ್ತೇನೆ. ಬಹಳ ಸಲ ಅಲ್ಲೇ ತೆರೆದು "ಓಕೆ" ಅಂತ ಹೊಡೆಯುತ್ತಾರೆ. ಅದೂ ಆಗದಿದ್ದರೆ ಅದೇ ಮೇಲ್‌ನ ಕೆಳಗೆ ಇನ್ನೊಂದು ಸಾಲು ಸೇರಿಸಿ ಮತ್ತೆ ಕಳಿಸುತ್ತೇನೆ. ಸುಮ್ಮನಿದ್ದಾರೆ ಅಂದರೆ ಒಪ್ಪಿದ್ದಾರೆ ಅಂತ ನಾನು ಯಾವತ್ತೂ ತಿಳಿಯುವುದಿಲ್ಲ. ಟಿಕೆಟ್ ಮಾಡಿಸುವುದು ಉತ್ತರ ಬಂದ ಮೇಲೇ.

ಎಚ್‌ಆರ್ ಅನ್ನು ಮೊದಲ ಮೇಲ್‌ಗೆ ಸೇರಿಸುವುದಿಲ್ಲ. ಕಾಫಿ ಕುಡಿಯುತ್ತಾ ಪ್ರೀತಿಯಿಂದ ಹೂಂ ಅಂದವರಿಗೆ ಅರ್ಧ ಗಂಟೆಯಲ್ಲಿ ಎಚ್‌ಆರ್ ಹೆಸರಿರುವ ಮೇಲ್ ಬಂದರೆ ಮನಸ್ಸಿಗೆ ಏನನ್ನಿಸಬೇಡ? ನನ್ನನ್ನು ನಂಬಲಿಲ್ಲ ಅಂತ ಅನ್ನಿಸಿಯೇ ಅನ್ನಿಸುತ್ತದೆ. ಕೆಲಸ ನೋಡಿಕೊಳ್ಳುವವರನ್ನು ಸೇರಿಸಿದರೆ ಹಾಗಾಗುವುದಿಲ್ಲ. ಅವರಿಗೆ ತಾರೀಕು ಬೇಕೇ ಬೇಕು. ಇನ್ನೊಬ್ಬರ ಕಣ್ಣಿಗೂ ವಿಷಯ ಬಿದ್ದಂತಾಯಿತು, ಯಾರ ಮನಸ್ಸೂ ನೋಯಲಿಲ್ಲ.

ವಾಟ್ಸಾಪ್‌ನಲ್ಲಿ ಕೇಳಿದರೆ ಸಾಲದಾ ಅಂತ ಗೆಳತಿಯರು ಕೇಳುತ್ತಾರೆ. ಏನೂ ಇಲ್ಲದ್ದಕ್ಕಿಂತ ಅದು ಎಷ್ಟೋ ವಾಸಿ. ಆದರೆ ಅಲ್ಲಿ "ನಾಡಿದ್ದು ಬರಲ್ಲ ಸರ್" ಅಂದರೆ ಒಂದು ಹೆಬ್ಬೆರಳಿನ ಚಿತ್ರ ಬರುತ್ತದೆ. ಎಷ್ಟು ದಿನ, ಯಾವ ರಜೆ, ಏನೂ ಇಲ್ಲ. ಫೋನ್ ಬದಲಾದರೆ ಹೋಯಿತು, ಮೆಸೇಜ್ ತಾನಾಗಿ ಅಳಿಯುವ ಹಾಗೆ ಯಾರಾದರೂ ಇಟ್ಟುಕೊಂಡಿದ್ದರೂ ಹೋಯಿತು. ವಾಟ್ಸಾಪ್‌ನಲ್ಲೇ ಒಪ್ಪಿಗೆ ಬಂದರೆ ನಾನು ಅದನ್ನೇ ಮೊದಲ ಸಾಲಾಗಿಟ್ಟು ಮೇಲ್ ಬರೆಯುತ್ತೇನೆ.

ಮೇಲ್ ಇದ್ದ ಮಾತ್ರಕ್ಕೆ ಎಲ್ಲ ಮುಗಿಯಲಿಲ್ಲ ಅನ್ನುವುದನ್ನೂ ಹೇಳಬೇಕು. ಪೋರ್ಟಲ್‌ನಲ್ಲಿ ಹಾಕದಿದ್ದರೆ ಸಂಬಳ ಕಡಿತ ಆಗಿಯೇ ಆಗುತ್ತದೆ. ಸಂಬಳ ಮಾಡುವವರ ಲೆಕ್ಕಕ್ಕೆ ಮೇಲ್ ಬರುವುದಿಲ್ಲ, ಮೇಲ್ ಬರುವುದು ಆಮೇಲೆ, ಸರಿಪಡಿಸುವಾಗ. ನಾನು ಅವತ್ತು ಇದ್ದ ಮೂರು ಗಳಿಕೆ ರಜೆಯನ್ನಾದರೂ ಪೋರ್ಟಲ್‌ನಲ್ಲಿ ಹಾಕಬಹುದಿತ್ತು. 22ಕ್ಕೆ ವಾಪಸ್ ಬಂದೆ. ಲೆಕ್ಕ ಮುಚ್ಚಿದ್ದು 25ಕ್ಕೆ, ಸೋಮವಾರ. ಆ ಶುಕ್ರವಾರ ಒಂದು ಸಲ ನನ್ನ ಹಾಜರಿ ಪುಟ ತೆರೆದಿದ್ದರೆ ಆರು ಕೆಂಪು ಚುಕ್ಕಿ ಕಾಣುತ್ತಿತ್ತು. ಈಗ ರಜೆ ಮುಗಿಸಿ ಬಂದ ದಿನ ಬೆಳಿಗ್ಗೆ ಮೊದಲು ನೋಡುವುದೇ ಆ ಪುಟ.

ಇನ್ನೊಂದು ವಿಷಯ. ಕೆಲಸ ಬಿಡುವ ದಿನ ಆಫೀಸಿನ ಮೇಲ್ ಬಂದ್ ಆಗುತ್ತದೆ. ಆಗಲೇ ಉಳಿದ ರಜೆಯನ್ನು ದುಡ್ಡಾಗಿ ಲೆಕ್ಕ ಹಾಕುವುದು, ಆಗಲೇ ಹಳೆಯ ರಜೆಗಳ ಬಗ್ಗೆ ಪ್ರಶ್ನೆ ಏಳುವುದು. ಆಫೀಸಿನ ಮೇಲ್ ಅನ್ನು ಸ್ವಂತ ಖಾತೆಗೆ ಕಳಿಸುವುದನ್ನು ಹಲವು ಕಂಪನಿಗಳು ಒಪ್ಪುವುದಿಲ್ಲ. ಹಾಗಾಗಿ ನೋಟಿಸ್ ಅವಧಿಯಲ್ಲೇ ಎಚ್‌ಆರ್‌ಗೆ ಹೇಳಿ ರಜೆಯ ಲೆಕ್ಕದ ಒಂದು ಪ್ರತಿ ತೆಗೆದುಕೊಳ್ಳಿ. ತಕರಾರಿದ್ದರೆ ಮೇಲ್ ಕೈಗೆ ಸಿಗುವಾಗಲೇ ಹೇಳಿಬಿಡಿ.

ಇದೆಲ್ಲ ಓದಿ, ಮ್ಯಾನೇಜರನ್ನು ಕಟ್ಟಿಹಾಕಲು ಮಾಡುವ ಕೆಲಸ ಇದು ಅಂತ ಅನ್ನಿಸಬಹುದು. ನನಗೂ ಮೊದಲು ಹಾಗೇ ಅನ್ನಿಸಿ ಸಂಕೋಚವಾಗುತ್ತಿತ್ತು. ಆ ಸಂಕೋಚ ಬಿಟ್ಟುಹೋಗಿದ್ದು 2022ರ ಜೂನ್‌ನಲ್ಲಿ. ಚಿಕ್ಕಪ್ಪನ ಮಗಳ ಮನೆಯ ಗೃಹಪ್ರವೇಶ ಇತ್ತು. ಜೂನ್ 1, ಬುಧವಾರ, ಆಗಿನ ಮ್ಯಾನೇಜರಿಗೆ "ಮುಂದಿನ ಶುಕ್ರವಾರ ರಜೆ ಬೇಕಿತ್ತು" ಅಂದೆ. "ಓ, ತಗೊಳ್ಳಿ" ಅಂದರು. ಸೀಟಿಗೆ ಬಂದು ಮೇಲ್ ಬರೆದೆ: "ಜೂನ್ 10, ಶುಕ್ರವಾರ". ಹತ್ತು ನಿಮಿಷದಲ್ಲಿ ಫೋನ್ ಬಂತು. "ಹತ್ತಾ? ನಾನು ನಾಡಿದ್ದು ಮೂರನೇ ತಾರೀಕು ಅಂದ್ಕೊಂಡೆ. ಹತ್ತಕ್ಕೆ ಕ್ಲೈಂಟಿಗೆ ಡೆಮೋ ಇದೆ, ನಿಮ್ಮ ಭಾಗವೇ ಜಾಸ್ತಿ."

ಇಬ್ಬರೂ ಒಂದೇ ಮಾತು ಕೇಳಿದ್ದೆವು. ಇಬ್ಬರ ತಲೆಯಲ್ಲೂ ಬೇರೆ ಬೇರೆ ಶುಕ್ರವಾರ ಇತ್ತು. ಮೇಲ್ ಹೋಗದಿದ್ದರೆ ಅದು ಗೊತ್ತಾಗುತ್ತಿದ್ದದ್ದು 9ನೇ ತಾರೀಕು ಸಂಜೆ, ನಾನು ಬಸ್ ಹತ್ತುವ ಹೊತ್ತಿಗೆ. ಅವರು ನಾನು ಹೇಳಲೇ ಇಲ್ಲ ಅನ್ನುತ್ತಿದ್ದರು, ನಾನು ಅವರೇ ಒಪ್ಪಿದರು ಅನ್ನುತ್ತಿದ್ದೆ. ಇಬ್ಬರೂ ನಿಜವನ್ನೇ ಹೇಳುತ್ತಿದ್ದೆವು. ಎಂಟು ದಿನ ಮೊದಲೇ ಗೊತ್ತಾಗಿದ್ದರಿಂದ ನನ್ನ ಭಾಗವನ್ನು ಸಹೋದ್ಯೋಗಿಗೆ ಕಲಿಸಿಕೊಟ್ಟೆ. ಅವರು ಚೆನ್ನಾಗಿ ಡೆಮೋ ಕೊಟ್ಟರು. ನಾನು ಗೃಹಪ್ರವೇಶದ ಊಟ ಮಾಡಿ ಬಂದೆ.

ಈಗ ನಾನೂ ಟೀಮ್ ಲೀಡ್. ರಜೆ ಕೇಳುವ ಮಾತು ನನ್ನ ಹತ್ತಿರವೂ ನಿಂತ ನಿಲುವಿನಲ್ಲೇ ಬರುತ್ತದೆ. ಹೊಸದಾಗಿ ಸೇರಿದ ಮಕ್ಕಳಿಗೆ ಮೇಲ್ ಕಳಿಸಲು ಭಯ. ಕೇಳಿದ್ದೇ ಜಾಸ್ತಿ ಆಯಿತೇನೋ ಅನ್ನುವ ಹಾಗೆ ಇರುತ್ತಾರೆ. ಅವರ ಮೇಲ್‌ಗೆ ಕಾಯುವ ಬದಲು ನಾನೇ ಕಳಿಸುತ್ತೇನೆ. ಒಪ್ಪಿದವಳು ನಾನಾದ್ದರಿಂದ ಅದಕ್ಕೆ ಉತ್ತರವೂ ಬೇಕಿಲ್ಲ, ಕಳಿಸಿದ ಕ್ಷಣಕ್ಕೇ ಚೀಟಿ ಕೊಟ್ಟಂತೆ.

ಕಳೆದ ತಿಂಗಳು ಟೀ ಅಂಗಡಿಯ ಹತ್ತಿರ ಒಬ್ಬ ಹುಡುಗ ಕೇಳಿದ. ಊರಲ್ಲಿ ಅಜ್ಜಿಯ ತಿಥಿ, ಸೋಮವಾರದಿಂದ ಬುಧವಾರ ಬರುವುದಿಲ್ಲ ಅಂದ. ಆಯಿತಪ್ಪ ಅಂದೆ. ಟೀ ಲೋಟ ಕಟ್ಟೆಯ ಮೇಲಿಟ್ಟು ಅಲ್ಲೇ ಫೋನಿನಲ್ಲಿ ಬರೆದೆ. ಮೂರು ತಾರೀಕು, ಅವುಗಳ ವಾರ, ಗಳಿಕೆ ರಜೆ ಮೂರು, ಗುರುವಾರ ವಾಪಸ್, ನಾನು ಒಪ್ಪಿದ್ದೇನೆ, ಇವತ್ತೇ ಪೋರ್ಟಲ್‌ನಲ್ಲಿ ಹಾಕು. ಪಕ್ಕದಲ್ಲೇ ನಿಂತಿದ್ದವನ ಫೋನ್ ಸದ್ದು ಮಾಡಿತು. ಓದಿ ತಲೆ ಎತ್ತಿ ಹೇಳಿದ:

"ಮೇಡಂ, ಬುಧವಾರ ಅರ್ಧ ದಿನ ಸಾಕು. ಮಧ್ಯಾಹ್ನ ಬಂದುಬಿಡ್ತೀನಿ."

ಎರಡೂವರೆ ಅಂತ ತಿದ್ದಿ ಮತ್ತೆ ಕಳಿಸಿದೆ.